ಬಾಟಲ್ ಗ್ರೀನ್ ಕೇಳಿದರೆ ಗಿಳಿ ಹಸಿರು ಬಂತು: ಸೀರೆ ವಾಪಸ್ ಮಾಡುವುದು ಹೇಗೆ?

ಪ್ರಶ್ನೆ: ಸರ್, ಇನ್‌ಸ್ಟಾಗ್ರಾಂನ ಒಂದು ಪೇಜ್‌ನಿಂದ ಬಾಟಲ್ ಗ್ರೀನ್ ಸೀರೆ, ಅದೇ ಬಣ್ಣದ ರೆಡಿಮೇಡ್ ಬ್ಲೌಸ್ ತರಿಸಿದೆ. ಸೀರೆಗೆ 2,600, ಬ್ಲೌಸ್‌ಗೆ 750, ಕೊರಿಯರ್‌ಗೆ 100, ಒಟ್ಟು 3,450 ರೂಪಾಯಿ ಯುಪಿಐನಲ್ಲಿ ಕಳಿಸಿದೆ. ಬ್ಲೌಸ್ ಬಾಟಲ್ ಗ್ರೀನೇ ಬಂದಿದೆ, ಸೀರೆ ಮಾತ್ರ ಗಿಳಿ ಹಸಿರು. ಬ್ಲೌಸ್ ಟ್ಯಾಗ್‌ನಲ್ಲಿ 38 ಅಂತಿದ್ರೂ ತುಂಬಾ ಬಿಗಿ. ಕೇಳಿದ್ರೆ ‘ಕ್ಯಾಮೆರಾ ಲೈಟಿಂಗ್‌ಗೆ ಬಣ್ಣ ಸ್ವಲ್ಪ ಬೇರೆ ಕಾಣುತ್ತೆ ಮೇಡಂ, ಓಪನಿಂಗ್ ವಿಡಿಯೊ ಇಲ್ದೆ ಎಕ್ಸ್‌ಚೇಂಜ್ ಇಲ್ಲ’ ಅಂತಾರೆ. ನಾನು ವಿಡಿಯೊ ಮಾಡಿಲ್ಲ. ಮುಂದಿನ ವಾರ ಅಕ್ಕನ ಮಗಳ ಸೀಮಂತ. ಫಾಲ್ ಹಾಕಿಸಿ ಉಟ್ಟುಬಿಡಲಾ, ಇಲ್ಲಾ ದುಡ್ಡು ವಾಪಸ್ ಬರೋ ದಾರಿ ಇದೆಯಾ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ದಾರಿ ಇದೆ. ಆದರೆ ಮೊದಲು ಒಂದು ಮಾತು: ಆ ಸೀರೆಗೆ ಫಾಲ್, ಪಿಕೊ ಏನನ್ನೂ ಹಾಕಿಸಬೇಡಿ. ಸೆರಗಿಗೆ ಕುಚ್ಚು ಕಟ್ಟಿಸಬೇಡಿ. ಸೀರೆಯ ಜೊತೆ ಬ್ಲೌಸ್ ಪೀಸ್ ಬಂದಿದ್ದರೆ ಅದನ್ನು ಕತ್ತರಿಸಬೇಡಿ. ಬ್ಲೌಸ್‌ನ ಟ್ಯಾಗ್ ಕೀಳಬೇಡಿ, ಬಿಗಿಯಾಯಿತು ಅಂತ ಮಾರ್ಜಿನ್ ಬಿಚ್ಚಬೇಡಿ. ಬಂದ ಕವರ್ ಮನೆಯಲ್ಲಿದ್ದರೆ ಎತ್ತಿಡಿ, ಕಸಕ್ಕೆ ಹಾಕಿದ್ದರೆ ಈಗಲೇ ಹೋಗಿ ಹುಡುಕಿ. ಅದರ ಮೇಲಿನ ಕೊರಿಯರ್ ಲೇಬಲ್ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಮ ವ್ಯವಹಾರಕ್ಕೆ 1930ರ ಸರಕು ಮಾರಾಟ ಕಾಯ್ದೆ ಅನ್ವಯಿಸುತ್ತದೆ. ಇನ್‌ಸ್ಟಾಗ್ರಾಂ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಕಾಯ್ದೆ ಇದು. ಆದರೂ ನಿಮ್ಮ ಸಮಸ್ಯೆಗೆ ಇದರಲ್ಲಿ ನೇರವಾದ ಉತ್ತರವಿದೆ. ಒಂದು ವಸ್ತುವನ್ನು ವಿವರಣೆ ಹೇಳಿ ಮಾರಿದರೆ, ಕಳಿಸಿದ ವಸ್ತು ಆ ವಿವರಣೆಗೆ ಹೊಂದಬೇಕು ಅಂತ 15ನೇ ಕಲಂ ಹೇಳುತ್ತದೆ. ಹೊಂದದಿದ್ದರೆ ನೀವು ಅದನ್ನು ನಿರಾಕರಿಸಬಹುದು. ಆದರೆ ಈ ಹಕ್ಕು ನೀವು ವಸ್ತುವನ್ನು ‘ಸ್ವೀಕರಿಸುವ’ ತನಕ ಮಾತ್ರ. ಕೊರಿಯರ್ ಹುಡುಗನ ಕೈಯಿಂದ ಪ್ಯಾಕೆಟ್ ತೆಗೆದುಕೊಂಡರೆ ಸ್ವೀಕರಿಸಿದ ಹಾಗಲ್ಲ. ತೆರೆದು ನೋಡಿ ಪರೀಕ್ಷಿಸಲು ನಿಮಗೆ ಅವಕಾಶ ಇರಲೇಬೇಕು. 42ನೇ ಕಲಂ ಪ್ರಕಾರ ಸ್ವೀಕಾರ ಆಗುವುದು ಮೂರು ರೀತಿಯಲ್ಲಿ. ‘ಸರಿ, ಇಟ್ಟುಕೊಳ್ಳುತ್ತೇನೆ’ ಅಂತ ನೀವೇ ಹೇಳಿದಾಗ. ವಸ್ತು ನಿಮ್ಮದೇ ಆಗಿಹೋಯಿತು ಎನ್ನುವ ಹಾಗೆ ಅದರ ಮೇಲೆ ಏನಾದರೂ ಮಾಡಿದಾಗ. ಬೇಡ ಅಂತ ಹೇಳದೆ ಸುಮ್ಮನೆ ದಿನ ಕಳೆದಾಗ. ಫಾಲ್ ಹಾಕಿಸಿ ಸೀಮಂತಕ್ಕೆ ಉಟ್ಟರೆ ಎರಡನೆಯದು ಆಗಿಬಿಡುತ್ತದೆ. ಆಮೇಲೆ ನೀವು ಪರಿಹಾರ ಕೇಳಬಹುದು, ಆದರೆ ಸೀರೆ ವಾಪಸ್ ಕೊಟ್ಟು ಪೂರ್ತಿ ಹಣ ಕೇಳುವುದು ಕಷ್ಟ.

ಹಾಗಾಗಿ ಸೀಮಂತಕ್ಕೆ ಬೇರೆ ಸೀರೆ ನೋಡಿಕೊಳ್ಳಿ. ಎಕ್ಸ್‌ಚೇಂಜ್ ಬೇಡ, ಹಣವನ್ನೇ ಕೇಳಿ ಎನ್ನುವುದು ನನ್ನ ಸಲಹೆ. ಇದು ಅಲ್ಲಿಗೆ ಹೋಗಿ ತಲುಪಿ, ಅವರು ಇನ್ನೊಂದು ಕಳಿಸಿ, ಅದು ಒಂದು ವಾರದೊಳಗೆ ನಿಮ್ಮ ಕೈ ಸೇರುವುದು ಅನುಮಾನ. ಬರುವ ಎರಡನೇ ಸೀರೆ ಸರಿಯಾದ ಬಣ್ಣದ್ದೇ ಆಗಿರುತ್ತದೆ ಅನ್ನುವ ಭರವಸೆಯೂ ಇಲ್ಲ.

ಈಗ ಬಣ್ಣದ ವಿಷಯ. ‘ಕ್ಯಾಮೆರಾ ಲೈಟಿಂಗ್’ ಎನ್ನುವ ಮಾತು ಯಾವಾಗಲೂ ಸುಳ್ಳಲ್ಲ. ಮೊಬೈಲ್ ಪರದೆಯಿಂದ ಪರದೆಗೆ ಬಣ್ಣ ಒಂದಿಷ್ಟು ಬದಲಾಗುತ್ತದೆ. ಅಂಗಡಿಯ ಹಳದಿ ಲೈಟಿನಲ್ಲಿ ತೆಗೆದ ಫೋಟೊದಲ್ಲಿ ನೀಲಿ ಮಂಕಾಗುತ್ತದೆ, ಕೆನೆ ಬಣ್ಣ ಹಳದಿಯಾಗುತ್ತದೆ. ಉದ್ದಕ್ಕೆ ಒಂದು ಬಣ್ಣದ ನೂಲು, ಅಡ್ಡಕ್ಕೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಡಬಲ್ ಶೇಡ್ ಸೀರೆಗಳಂತೂ ಒಂದು ಕಡೆಯಿಂದ ನೋಡಿದರೆ ಒಂದು ಬಣ್ಣ, ತಿರುಗಿಸಿದರೆ ಇನ್ನೊಂದು. ಅಂಥ ಸೀರೆಗೆ ‘ಫೋಟೊದ ಹಾಗಿಲ್ಲ’ ಎಂಬ ದೂರು ನಿಲ್ಲುವುದು ಕಷ್ಟ. ಕಡು ಮೆರೂನ್ ಅಂದುಕೊಂಡಿದ್ದು ಒಂದು ಛಾಯೆ ತಿಳಿಯಾಗಿ ಬಂದರೂ ಹಾಗೆಯೇ. ಅದು ಛಾಯೆಯ ವ್ಯತ್ಯಾಸ, ನೀವು ಕೇಳಿದ ಬಣ್ಣವೇ ಬಂದಿದೆ ಅಂತ ಮಾರಾಟಗಾರ ವಾದಿಸಬಹುದು.

ನಿಮ್ಮದು ಹಾಗಲ್ಲ. ನಿಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಕ್ಷಿ ಇದೆ, ಅದು ಆ ಬ್ಲೌಸ್. ಸೀರೆ, ಬ್ಲೌಸ್ ಎರಡೂ ಒಂದೇ ಬಣ್ಣ ಅಂತ ತೋರಿಸಿ ಮಾರಿದ್ದಾರೆ. ಬ್ಲೌಸ್ ಬಾಟಲ್ ಗ್ರೀನ್ ಬಂದಿದೆ. ಲೈಟಿಂಗ್ ದೋಷವಾಗಿದ್ದರೆ ಎರಡೂ ಒಟ್ಟಿಗೆ ಬದಲಾಗಬೇಕಿತ್ತು, ಅಲ್ವಾ? ಒಂದೇ ಫೋಟೊದಲ್ಲಿ ಬ್ಲೌಸ್ ಕಡು ಹಸಿರಾಗಿ, ಪಕ್ಕದ ಸೀರೆ ಗಿಳಿ ಹಸಿರಾಗಿ ಕಾಣುವ ಹಾಗೆ ಯಾವ ಲೈಟೂ ಮಾಡುವುದಿಲ್ಲ.

ಇದನ್ನು ಫೋಟೊದಲ್ಲಿ ಹಿಡಿಯುವ ಕ್ರಮ ಹೀಗೆ. ಬೆಳಿಗ್ಗೆ ಹತ್ತರ ಮೇಲೆ, ನೇರ ಬಿಸಿಲು ಬೀಳದ ಕಿಟಕಿಯ ಬಳಿ ಅಥವಾ ವರಾಂಡದಲ್ಲಿ ಸೀರೆ ಹರಡಿ. ಟ್ಯೂಬ್‌ಲೈಟ್ ಆರಿಸಿ, ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಸೀರೆಯ ಮೇಲೆ ಬ್ಲೌಸ್ ಇಡಿ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಡಿ, ಪ್ರಿಂಟರ್‌ಗೆ ಹಾಕುವ ಎ4 ಹಾಳೆ ಸಾಕು. ಮೂರೂ ಒಂದೇ ಚೌಕಟ್ಟಿನಲ್ಲಿ ಬರಲಿ. ಈ ಹಾಳೆಯೇ ಇಲ್ಲಿ ಮುಖ್ಯ. ಫೋಟೊದಲ್ಲಿ ಹಾಳೆ ಬಿಳಿಯಾಗಿಯೇ ಕಂಡರೆ ಕ್ಯಾಮೆರಾ ಬಣ್ಣ ತಿರುಚಿಲ್ಲ ಅಂತಾಯಿತು. ಹಾಳೆ ಹಳದಿಯಾಗಿಯೋ ನೀಲಿಯಾಗಿಯೋ ಕಂಡರೆ ಜಾಗ ಬದಲಿಸಿ ಮತ್ತೆ ತೆಗೆಯಿರಿ. ಆಮೇಲೆ ಇನ್ನೊಂದು ಫೋಟೊ: ಬೇರೆ ಮೊಬೈಲ್‌ನಲ್ಲಿ ಆ ಪೇಜ್‌ನ ಪೋಸ್ಟ್ ತೆರೆದು, ಆ ಮೊಬೈಲನ್ನು ಸೀರೆಯ ಪಕ್ಕ ಇಟ್ಟು ತೆಗೆಯಿರಿ.

ಫೋಟೊಗಿಂತ ಗಟ್ಟಿಯಾದದ್ದು ಅಕ್ಷರ. ಪೋಸ್ಟ್‌ನ ಕೆಳಗೆ ‘ಬಾಟಲ್ ಗ್ರೀನ್’ ಅಂತ ಬರೆದಿದ್ದಾರಾ? ಚಾಟ್‌ನಲ್ಲಿ ನೀವು ‘ಬಾಟಲ್ ಗ್ರೀನ್ ಇದೆಯಾ’ ಅಂತ ಕೇಳಿ, ಅವರು ‘ಇದೆ’ ಅಂದಿದ್ದಾರಾ? ಬಣ್ಣದ ಹೆಸರು ಲೈಟಿಂಗ್‌ಗೆ ಬದಲಾಗುವುದಿಲ್ಲ. ಪೋಸ್ಟ್, ಅದರ ಕೆಳಗಿನ ಬರಹ, ಪೇಜ್‌ನ ಹೆಸರು, ನಿಮ್ಮ ಚಾಟ್, ಹಣ ಕಳಿಸಿದ ರಸೀದಿ, ಇವೆಲ್ಲದರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಜಗಳ ಶುರುವಾದ ಮೇಲೆ ಪೋಸ್ಟ್ ಅಳಿಸುವುದು, ನಿಮ್ಮನ್ನು ಬ್ಲಾಕ್ ಮಾಡುವುದು ಮಾಮೂಲು. ಸ್ಟೋರಿಯಲ್ಲಿ ನೋಡಿ ಕೊಂಡಿದ್ದರಂತೂ ಅದು 24 ಗಂಟೆಯಲ್ಲಿ ಮಾಯವಾಗಿರುತ್ತದೆ. ಆಗ ಚಾಟ್‌ನಲ್ಲಿ ಉಳಿದಿರುವುದೇ ಆಧಾರ. ಮೂಲ ಚಾಟ್ ಅಳಿಸಬೇಡಿ, ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಲದು.

ಇನ್ನು ಬ್ಲೌಸ್. ಇಲ್ಲಿ ಸ್ವಲ್ಪ ನಿಧಾನಿಸಬೇಕು. ‘ನನಗೆ ಬಿಗಿ’ ಎನ್ನುವುದು ಒಂದು ದೂರು, ‘ಇದು 38 ಅಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಮಾರಾಟಗಾರ ಹೊಣೆಯಲ್ಲ, ಎರಡನೆಯದಕ್ಕೆ ಹೊಣೆ. ಯಾವುದು ಅಂತ ಟೇಪ್ ಹೇಳುತ್ತದೆ.

ಬ್ಲೌಸಿನ ಹುಕ್ಕು ಹಾಕಿ, ಎಳೆಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದು ಕಂಕುಳ ಹೊಲಿಗೆಯವರೆಗೆ ಅಳೆಯಿರಿ. ಬಂದದ್ದನ್ನು ಎರಡರಿಂದ ಗುಣಿಸಿ. 19 ಇಂಚು ಬಂದರೆ ಸುತ್ತಳತೆ 38, ಸೈಜ್ ಸರಿಯಿದೆ. 18 ಬಂದರೆ 36, ಅಂದರೆ ಟ್ಯಾಗ್ 38 ಇದ್ದರೂ ಒಳಗಿರುವುದು 36. ಸುತ್ತಳತೆಯಲ್ಲಿ ಅರ್ಧ ಇಂಚು ಆಚೀಚೆ ಆಗುವುದು ಹೊಲಿಗೆಯಲ್ಲಿ ಸಹಜ, ಅದನ್ನು ಹಿಡಿದು ಜಗಳಕ್ಕೆ ಹೋಗಬೇಡಿ. ಎರಡು ಇಂಚು ಸಹಜವಲ್ಲ. ಟೇಪ್ ಇಟ್ಟೇ, ಅಂಕಿ ಕಾಣುವ ಹಾಗೆ ಮೇಲಿನಿಂದ ಫೋಟೊ ತೆಗೆಯಿರಿ.

‘ಒಳಗೆ ಎರಡು ಇಂಚು ಮಾರ್ಜಿನ್ ಇದೆ, ಬಿಚ್ಚಿಕೊಳ್ಳಿ’ ಅಂತ ಅವರು ಹೇಳಬಹುದು. ಅವರ ಸೈಜ್ ಚಾರ್ಟ್‌ನಲ್ಲಿ ಏನಿದೆ ನೋಡಿ. ‘38 ರೆಡಿ, ಜೊತೆಗೆ ಮಾರ್ಜಿನ್’ ಅಂತಿದ್ದರೆ ಹೊಲಿದ ಬ್ಲೌಸೇ 38 ಇರಬೇಕು, ಮಾರ್ಜಿನ್ ಅದರ ಮೇಲೆ. ‘36 ರೆಡಿ, 38ರವರೆಗೆ ಬಿಚ್ಚಬಹುದು’ ಅಂತಿದ್ದರೆ ಅವರು ಮೊದಲೇ ಹೇಳಿದ್ದಾರೆ, ಬಿಚ್ಚಿಸಿಕೊಳ್ಳುವುದೇ ಸರಿ. ಚಾರ್ಟ್‌ನಲ್ಲಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಅಂತಲೂ ನೋಡಿ. ಎಷ್ಟೋ ಜಗಳಗಳ ಮೂಲ ಅದೇ. ಇನ್ನೊಂದು ವಿಷಯ: ಎದೆಯ ಅಳತೆ ಸರಿಯಿದ್ದು ತೋಳು ಮಾತ್ರ ಬಿಗಿಯಾದರೆ ನಿಮ್ಮ ವಾದ ದುರ್ಬಲ. 38 ಎನ್ನುವುದು ಎದೆಯ ಸುತ್ತಳತೆ. ತೋಳಿನ ಸುತ್ತಳತೆಯನ್ನು ಚಾರ್ಟ್‌ನಲ್ಲಿ ಬೇರೆಯಾಗಿ ಕೊಟ್ಟಿದ್ದರೆ ಮಾತ್ರ ಅದನ್ನು ಹಿಡಿದು ಕೇಳಬಹುದು.

ಅಳತೆ ಸರಿಯಾಗಿಯೇ ಇದೆ ಅಂದುಕೊಳ್ಳಿ. ಆಗ ಬ್ಲೌಸ್‌ನ ಮೇಲೆ ದೂರು ಬೇಡ, ಆದರೂ ವಾಪಸ್ ಕೇಳಿ. ಆ ಬ್ಲೌಸ್ ಕೊಂಡದ್ದೇ ಆ ಸೀರೆಗೆ ಮ್ಯಾಚಿಂಗ್ ಅಂತ, ಸೀರೆ ಇಲ್ಲದೆ ಅದರಿಂದ ನಿಮಗೆ ಉಪಯೋಗವಿಲ್ಲ. ಎರಡನ್ನೂ ಒಂದೇ ಆರ್ಡರ್ ಆಗಿ ಮಾರಿದ್ದರೆ ಈ ಮಾತಿಗೆ ತೂಕವಿದೆ. ಬೇರೆ ಬೇರೆ ಪೋಸ್ಟ್‌ನಿಂದ ನೀವೇ ಆರಿಸಿ ಸೇರಿಸಿಕೊಂಡಿದ್ದರೆ ತೂಕ ಕಡಿಮೆ.

ಇನ್ನು ಓಪನಿಂಗ್ ವಿಡಿಯೊ. ಜನ ಸೋತು ಕೂರುವುದು ಇಲ್ಲಿಯೇ. ಪ್ಯಾಕೆಟ್ ತೆರೆಯುವಾಗ ಗ್ರಾಹಕ ವಿಡಿಯೊ ಮಾಡಲೇಬೇಕು ಅಂತ ಸರಕು ಮಾರಾಟ ಕಾಯ್ದೆಯಲ್ಲಾಗಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಾಗಲಿ, 2020ರ ಇ-ಕಾಮರ್ಸ್ ನಿಯಮಗಳಲ್ಲಾಗಲಿ ಎಲ್ಲೂ ಇಲ್ಲ. ವಿಡಿಯೊ ಒಂದು ಸಾಕ್ಷಿ, ಒಳ್ಳೆಯ ಸಾಕ್ಷಿ. ಆದರೆ ಅದೊಂದೇ ಸಾಕ್ಷಿ ಅಲ್ಲ. ಮಾರಾಟಗಾರರ ಕಡೆಯಿಂದ ನೋಡಿದರೆ ಅವರ ಭಯಕ್ಕೂ ಅರ್ಥವಿದೆ. ಸರಿಯಾದ ಸೀರೆ ಇಟ್ಟುಕೊಂಡು ಹಳೆಯದೊಂದನ್ನು ವಾಪಸ್ ಕಳಿಸುವ ಗಿರಾಕಿಗಳೂ ಇದ್ದಾರೆ. ವಿಡಿಯೊ ಕೇಳುವುದು ಆ ಮೋಸ ತಡೆಯಲು. ಮುಂದಿನ ಸಲ ಮಾಡಿಟ್ಟುಕೊಳ್ಳಿ: ಮುಚ್ಚಿದ ಕವರ್‌ನ ಆರೂ ಮಗ್ಗುಲು, ಲೇಬಲ್, ಕತ್ತರಿಸುವುದು, ಸೀರೆ ಬಿಡಿಸಿ ತೋರಿಸುವುದು, ಎಲ್ಲವೂ ನಡುವೆ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ.

ಆದರೆ ನಿಮ್ಮ ವಿಷಯದಲ್ಲಿ ಅವರೇ ಒಂದು ಮಾತು ಕೊಟ್ಟುಬಿಟ್ಟಿದ್ದಾರೆ. ‘ಲೈಟಿಂಗ್‌ಗೆ ಬಣ್ಣ ಬೇರೆ ಕಾಣುತ್ತೆ’ ಅಂದರೆ ಏನರ್ಥ? ನಿಮ್ಮ ಕೈಯಲ್ಲಿರುವ ಸೀರೆ ತಾವು ಕಳಿಸಿದ್ದೇ ಅಂತ. ‘ಇದು ನಾವು ಕಳಿಸಿದ್ದಲ್ಲ’ ಅಂತ ಅವರು ಹೇಳಿಲ್ಲ. ವಿಡಿಯೊ ಬೇಕಾಗುವುದು ಯಾವ ಸೀರೆ ಕಳಿಸಿದರು ಎನ್ನುವ ಪ್ರಶ್ನೆಗೆ, ಆ ಪ್ರಶ್ನೆಯೇ ಇಲ್ಲಿ ಇಲ್ಲ. ಉಳಿದದ್ದು ಒಂದೇ: ಈ ಸೀರೆ ಬಾಟಲ್ ಗ್ರೀನೋ ಅಲ್ಲವೋ. ಆ ಮೆಸೇಜ್‌ನ ಸ್ಕ್ರೀನ್‌ಶಾಟ್ ಎಲ್ಲಕ್ಕಿಂತ ಮೊದಲು ತೆಗೆದಿಡಿ. ಆಮೇಲೆ ಅವರು ಮಾತು ಬದಲಿಸಿದರೂ ನಿಮ್ಮ ಹತ್ತಿರ ಅದಿರುತ್ತದೆ.

‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’ ಅಂತ ಪೇಜ್‌ನಲ್ಲಿ ಬರೆದಿರಬಹುದು. ಮನಸ್ಸು ಬದಲಾಯಿತು, ಇಷ್ಟವಾಗಲಿಲ್ಲ ಅನ್ನುವವರಿಗೆ ಆ ಮಾತು ಅನ್ವಯಿಸಲಿ. ನಿಮ್ಮ ಅಳತೆ ತೆಗೆದುಕೊಂಡು ನಿಮಗಾಗಿಯೇ ಹೊಲಿದ ಬ್ಲೌಸ್‌ಗೂ, ಅದು ಕೊಟ್ಟ ಅಳತೆಗೆ ಸರಿಯಾಗಿದ್ದರೆ, ಅನ್ವಯಿಸಲಿ. ಆದರೆ ಹೇಳಿದ್ದೊಂದು ಕಳಿಸಿದ್ದೊಂದು ಆದಾಗ ಅದನ್ನು ಗುರಾಣಿ ಮಾಡಿಕೊಳ್ಳಲು ಬರುವುದಿಲ್ಲ. 2019ರ ಕಾಯ್ದೆಯಲ್ಲಿ ‘ದೋಷ’ದ ಅರ್ಥ ಹರಕು, ಕಲೆ ಇಷ್ಟಕ್ಕೇ ನಿಂತಿಲ್ಲ. ವ್ಯಾಪಾರಿ ಯಾವ ರೀತಿಯಲ್ಲಾದರೂ ಹೇಳಿಕೊಂಡ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದೂ ದೋಷವೇ. ಪೋಸ್ಟ್, ಚಾಟ್ ಎಲ್ಲವೂ ಈ ‘ಯಾವ ರೀತಿಯಲ್ಲಾದರೂ’ ಒಳಗೆ ಬರುತ್ತವೆ. ದೋಷವಿರುವ ವಸ್ತುವನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದಲ್ಲಿ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತದೆ. ಬಿಲ್ ಕೊಡದಿರುವುದೂ ಆ ಪಟ್ಟಿಯಲ್ಲಿದೆ. ನಿಮಗೆ ಬಿಲ್ ಕೊಟ್ಟಿರಲಾರರು ಅಂದುಕೊಳ್ಳುತ್ತೇನೆ. ಇದನ್ನೂ ಮೆಸೇಜ್‌ನಲ್ಲಿ ಕೇಳಿ.

ಹೌದು, ಇನ್ನು ಮಾತು ಬೇಡ, ಬರಹ ಬೇಕು. ಫೋನ್‌ನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ. ಅದೇ ಚಾಟ್‌ನಲ್ಲಿ, ಇವತ್ತೇ, ಹೀಗೆ ಬರೆಯಿರಿ:

‘ನಿಮ್ಮ ಪೇಜ್‌ನಲ್ಲಿ ಬಾಟಲ್ ಗ್ರೀನ್ ಅಂತ ತೋರಿಸಿದ ಸೀರೆ ಮತ್ತು ಅದೇ ಬಣ್ಣದ 38 ಸೈಜ್ ಬ್ಲೌಸ್‌ಗೆ ಇಂಥ ದಿನ 3,450 ರೂಪಾಯಿ ಯುಪಿಐ ಮೂಲಕ ಕಳಿಸಿದ್ದೇನೆ. ಇಂಥ ದಿನ ಬಂದ ಪ್ಯಾಕೆಟ್‌ನಲ್ಲಿ ಸೀರೆ ಗಿಳಿ ಹಸಿರು ಇದೆ. ಬ್ಲೌಸ್ ಅಳತೆ 36 ಇಂಚು ಇದೆ. ಹಗಲು ಬೆಳಕಿನಲ್ಲಿ ತೆಗೆದ ಫೋಟೊಗಳನ್ನು ಇದರ ಜೊತೆ ಕಳಿಸಿದ್ದೇನೆ. ನಾನು ಕೇಳಿದ ವಸ್ತು ಇದಲ್ಲವಾದ್ದರಿಂದ ಎರಡನ್ನೂ ನಿರಾಕರಿಸುತ್ತಿದ್ದೇನೆ. ಉಟ್ಟಿಲ್ಲ, ಒಗೆದಿಲ್ಲ, ಫಾಲ್ ಹಾಕಿಸಿಲ್ಲ. ನಿಮ್ಮ ಖರ್ಚಿನಲ್ಲಿ ವಾಪಸ್ ತರಿಸಿಕೊಂಡು ಪೂರ್ತಿ 3,450 ರೂಪಾಯಿಯನ್ನು ಏಳು ದಿನದೊಳಗೆ ಹಿಂದಿರುಗಿಸಿ. ಬಿಲ್ ಪ್ರತಿ ಮತ್ತು ನಿಮ್ಮ ಅಂಗಡಿಯ ಪೂರ್ತಿ ವಿಳಾಸ ಕಳಿಸಿ. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.’

‘36 ಇಂಚು’ ಎನ್ನುವುದನ್ನು ನೀವು ಅಳೆದಾಗ ಬಂದರೆ ಮಾತ್ರ ಬರೆಯಿರಿ. ಒಂದು ಸುಳ್ಳು ಸೇರಿದರೆ ಉಳಿದ ನಿಜಕ್ಕೂ ಬೆಲೆ ಹೋಗುತ್ತದೆ. ಮಾರಾಟಗಾರರು ಸೂರತ್ತಿನವರೋ ಜೈಪುರದವರೋ ಆಗಿದ್ದರೆ ಇದನ್ನೇ ಇಂಗ್ಲಿಷ್‌ನಲ್ಲಿ ಕಳಿಸಿ. ಈ ಮೆಸೇಜ್‌ನಲ್ಲಿ ಭಾರ ಇರುವ ಪದ ‘ನಿರಾಕರಿಸುತ್ತಿದ್ದೇನೆ’. ‘ಬೇಜಾರಾಯ್ತು’, ‘ಹೀಗಾ ಮಾಡೋದು’ ಅಂತ ಇಪ್ಪತ್ತು ಮೆಸೇಜ್ ಕಳಿಸಿದರೂ ವಸ್ತು ಬೇಡ ಅಂತ ಸ್ಪಷ್ಟವಾಗಿ ಹೇಳಿದ ಹಾಗೆ ಆಗುವುದಿಲ್ಲ.

ಅವರು ‘ಮೊದಲು ನೀವೇ ಕೊರಿಯರ್ ಮಾಡಿ, ನೋಡಿ ಆಮೇಲೆ ಹೇಳ್ತೀವಿ’ ಅನ್ನಬಹುದು. ಬೇರೆ ಒಪ್ಪಂದ ಇಲ್ಲದಿದ್ದರೆ, ನಿರಾಕರಿಸಿದ ವಸ್ತುವನ್ನು ವಾಪಸ್ ಕಳಿಸುವ ಹೊಣೆ ಕೊಂಡವರ ಮೇಲಿಲ್ಲ. ಬೇಡ ಅಂತ ತಿಳಿಸಿದರೆ ಸಾಕು. ಇದು ಸರಕು ಮಾರಾಟ ಕಾಯ್ದೆಯ 43ನೇ ಕಲಂ. ಬಹಳ ಜನಕ್ಕೆ ಇದು ಗೊತ್ತಿಲ್ಲ, ತಮ್ಮ ಕೈಯಿಂದ ನೂರು ನೂರೈವತ್ತು ಖರ್ಚು ಮಾಡಿ ಕಳಿಸಿ, ಆಮೇಲೆ ಸೀರೆಯೂ ಇಲ್ಲ ದುಡ್ಡೂ ಇಲ್ಲ ಅಂತ ಕೂರುತ್ತಾರೆ. ಸೀರೆಯನ್ನು ಜೋಪಾನವಾಗಿ ಇಟ್ಟು ‘ಯಾವಾಗ ಬೇಕಾದರೂ ತೆಗೆದುಕೊಂಡು ಹೋಗಿ’ ಅಂತ ತಿಳಿಸಿ. ವ್ಯವಹಾರ ಮುಗಿಸುವ ಸಲುವಾಗಿ ನೀವೇ ಕಳಿಸಲು ಒಪ್ಪಿದರೆ, ‘ತಲುಪಿದ ಮೇಲೆ ಪೂರ್ತಿ ಹಣ ಮತ್ತು ಕೊರಿಯರ್ ಖರ್ಚು ಕೊಡುತ್ತೇವೆ’ ಅಂತ ಮೊದಲು ಅವರಿಂದ ಬರೆಸಿಕೊಳ್ಳಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತೂಕ ಇರುವ ರಸೀದಿ ಇಟ್ಟುಕೊಳ್ಳಿ. ಮಡಚಿ ಪ್ಯಾಕ್ ಮಾಡುವಾಗ ಈ ಸಲ ವಿಡಿಯೊ ಖಂಡಿತ ಮಾಡಿ.

‘ಐನೂರು ವಾಪಸ್ ಕೊಡ್ತೀವಿ, ಸೀರೆ ಇಟ್ಕೊಳ್ಳಿ’ ಎನ್ನುವ ಮಾತೂ ಬರಬಹುದು. ಗಿಳಿ ಹಸಿರು ನಿಮಗೆ ನಿಜವಾಗಿ ಇಷ್ಟವಾಗಿದ್ದರೆ ಒಪ್ಪಿಕೊಳ್ಳಿ, ತಪ್ಪೇನಿಲ್ಲ. ಆದರೆ ಒಪ್ಪಿ ಹಣ ತೆಗೆದುಕೊಂಡರೆ ವಿಷಯ ಅಲ್ಲಿಗೆ ಮುಗಿಯಿತು ಅಂತ ತಿಳಿದು ಒಪ್ಪಿ.

ಹಣದ ದಾರಿ ಬಗ್ಗೆ ಒಂದೆರಡು ಮಾತು. ಯುಪಿಐನಲ್ಲಿ ನೀವೇ ಪಿನ್ ಹಾಕಿ ಕಳಿಸಿದ ಹಣವನ್ನು, ವಸ್ತು ಸರಿಯಿಲ್ಲ ಅನ್ನುವ ಕಾರಣಕ್ಕೆ ಬ್ಯಾಂಕ್ ತಾನಾಗಿ ವಾಪಸ್ ತರಿಸಿಕೊಡುತ್ತದೆ ಅಂತ ನಂಬಬೇಡಿ. ಆ್ಯಪ್‌ನ ದೂರು ವಿಭಾಗ ಹೆಚ್ಚಾಗಿ ಅರ್ಧಕ್ಕೆ ನಿಂತ, ತಪ್ಪಿ ಹೋದ ಪಾವತಿಗಳಿಗೆ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್‌ನಲ್ಲಿ ಕೊಟ್ಟವರಿಗೆ ಚಾರ್ಜ್‌ಬ್ಯಾಕ್ ಅಂತ ಒಂದು ದಾರಿ ಇದೆ. ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ‘ವಿವರಣೆಯಂತೆ ವಸ್ತು ಬಂದಿಲ್ಲ’ ಎಂದು ಬರೆದು, ಇದೇ ಫೋಟೊ, ಚಾಟ್ ಕೊಡಬೇಕು. ಅದಕ್ಕೆ ಗಡುವು ಇರುತ್ತದೆ, ತಡಮಾಡಬಾರದು. ಮತ್ತೊಂದು ಎಚ್ಚರ: ರೀಫಂಡ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅಲ್ಲೇ ನಿಲ್ಲಿಸಿ. ಹಣ ಬರುವುದಕ್ಕೆ ಪಿನ್ ಬೇಕಾಗುವುದಿಲ್ಲ.

ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ಕೊಂಡವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಸ್ವಲ್ಪ. ನಿಮ್ಮ ದಾರಿ ಸುಲಭ. ಬಣ್ಣ, ಗಾತ್ರದಂಥ ಗುಣಲಕ್ಷಣಗಳು ಜಾಹೀರಾತಿನಲ್ಲಿ ತೋರಿಸಿದಂತೆ ಇಲ್ಲದಿದ್ದರೆ ಮಾರಾಟಗಾರ ವಾಪಸ್ ಪಡೆಯಲು, ಹಣ ಕೊಡಲು ನಿರಾಕರಿಸುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ದೂರು ಬಂದದ್ದನ್ನು ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅವರ ಹೆಸರು, ಸಂಪರ್ಕ ಆ್ಯಪ್‌ನಲ್ಲೇ ಇರಬೇಕು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ಮೋಸಗಾರರ ನಂಬರ್‌ಗಳೂ ಕಾದಿರುತ್ತವೆ.

ಆದರೆ ಅಲ್ಲೂ ಎರಡು ಕಡೆ ಎಡವುತ್ತಾರೆ. ರಿಟರ್ನ್ ಹಾಕುವಾಗ ಕಾರಣ ಕೇಳುತ್ತದಲ್ಲ, ಅಲ್ಲಿ ‘ಇಷ್ಟವಾಗಲಿಲ್ಲ’, ‘ಸೈಜ್ ಆಗಲಿಲ್ಲ’ ಅಂತ ಒತ್ತಬೇಡಿ. ‘ಬೇರೆ ವಸ್ತು ಬಂದಿದೆ’ ಎನ್ನುವುದನ್ನೇ ಆರಿಸಿ. ಕಾರಣ ತಪ್ಪಿದರೆ ಕೊರಿಯರ್ ಖರ್ಚು ನಿಮ್ಮ ತಲೆಗೆ ಬರಬಹುದು, ವಸ್ತುವಿಗೆ ರಿಟರ್ನ್ ಇಲ್ಲ ಅಂತಲೂ ತೋರಿಸಬಹುದು. ಎರಡನೆಯದು ಇನ್ನೂ ತಲೆನೋವಿನದು. ಪಿಕಪ್‌ಗೆ ಬರುವ ಹುಡುಗನ ಮೊಬೈಲ್‌ನಲ್ಲಿ ನೀವು ಆರ್ಡರ್ ಮಾಡಿದ ವಸ್ತುವಿನ ಫೋಟೊ ಇರುತ್ತದೆ. ಅಲ್ಲಿ ಬಾಟಲ್ ಗ್ರೀನ್ ಇದೆ, ನೀವು ಕೊಡುತ್ತಿರುವುದು ಗಿಳಿ ಹಸಿರು. ‘ಫೋಟೊಗೆ ಹೊಂದುತ್ತಿಲ್ಲ’ ಅಂತ ಅವನು ಪಿಕಪ್ ರದ್ದು ಮಾಡಿ ಹೋಗುತ್ತಾನೆ. ತಪ್ಪು ವಸ್ತು ಬಂದಿದೆ ಅನ್ನುವುದೇ ನಿಮ್ಮ ದೂರು, ಅದೇ ಕಾರಣಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ! ಆ ಹುಡುಗನ ಜೊತೆ ಜಗಳ ಮಾಡಿ ಪ್ರಯೋಜನವಿಲ್ಲ, ಅವನಿಗೆ ಬೇರೆ ಬಟನ್ ಇರುವುದಿಲ್ಲ. ಪಿಕಪ್‌ಗೆ ಮೊದಲೇ ಕಸ್ಟಮರ್ ಕೇರ್‌ನ ಚಾಟ್‌ನಲ್ಲಿ ಫೋಟೊ ಕಳಿಸಿ, ‘ಬೇರೆ ಬಣ್ಣ ಬಂದಿದೆ, ಬಂದ ವಸ್ತುವನ್ನೇ ವಾಪಸ್ ಕೊಡುತ್ತೇನೆ, ಪಿಕಪ್ ಮಾಡುವವರಿಗೆ ಇದನ್ನು ತಿಳಿಸಿ’ ಅಂತ ಬರೆದು ದೂರಿನ ನಂಬರ್ ತೆಗೆದುಕೊಳ್ಳಿ. ಆದರೂ ರದ್ದಾದರೆ ಆ ಮೆಸೇಜ್‌ನ ಸ್ಕ್ರೀನ್‌ಶಾಟ್ ಸಮೇತ ಕುಂದುಕೊರತೆ ಅಧಿಕಾರಿಗೆ ಬರೆಯಿರಿ.

ಮತ್ತೆ ನಿಮ್ಮ ವಿಷಯಕ್ಕೆ. ಏಳು ದಿನವಾದರೂ ಹಣ ಬರಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. consumerhelpline.gov.in ನಲ್ಲೂ ದೂರು ದಾಖಲಿಸಬಹುದು. ಅವರು ದೂರನ್ನು ಮಾರಾಟಗಾರರಿಗೆ ಕಳಿಸಿ ಉತ್ತರ ಕೇಳುತ್ತಾರೆ. ದೊಡ್ಡ ಕಂಪನಿಗಳ ಜೊತೆ ಸಹಾಯವಾಣಿಗೆ ನೇರ ಸಂಪರ್ಕ ಇರುವುದರಿಂದ ಅಲ್ಲಿ ಬೇಗ ಕೆಲಸವಾಗುತ್ತದೆ. ಚಿಕ್ಕ ಪೇಜ್‌ಗಳ ವಿಷಯದಲ್ಲಿ ಅಷ್ಟು ನಿರೀಕ್ಷೆ ಬೇಡ. ಹಣ ಕೊಡು ಅಂತ ಆದೇಶ ಮಾಡುವ ಅಧಿಕಾರ ಸಹಾಯವಾಣಿಗೆ ಇಲ್ಲ. ಆದರೂ ದೂರಿನ ನಂಬರ್ ನಿಮ್ಮ ಕಡತಕ್ಕೆ ಸೇರಲಿ.

ಆದೇಶ ಮಾಡುವ ಅಧಿಕಾರ ಇರುವುದು ಜಿಲ್ಲಾ ಗ್ರಾಹಕ ಆಯೋಗಕ್ಕೆ. ಮಾರಾಟಗಾರ ಯಾವ ಊರಿನಲ್ಲಿದ್ದರೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ, ಅಂದರೆ ದಾವಣಗೆರೆಯಲ್ಲೇ, ದೂರು ಕೊಡಬಹುದು. 2019ರ ಕಾಯ್ದೆ ತಂದ ಒಳ್ಳೆಯ ಬದಲಾವಣೆ ಇದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. e-jagriti.gov.in ಮೂಲಕ ಮನೆಯಿಂದಲೇ ದಾಖಲಿಸಬಹುದು. ಎರಡು ವರ್ಷದ ಕಾಲಾವಕಾಶವಿದೆ, ಆದರೆ ಇಂಥ ವಿಷಯದಲ್ಲಿ ಅಷ್ಟು ಕಾಯಬಾರದು.

ದೂರಿಗೆ ಬೇಕಾದ ಬಹುಪಾಲು ನಿಮ್ಮ ಹತ್ತಿರ ಆಗಲೇ ಇದೆ, ಒಂದನ್ನು ಬಿಟ್ಟು: ಮಾರಾಟಗಾರರ ಹೆಸರು, ವಿಳಾಸ. ಪೇಜ್‌ನ ಹೆಸರಿಗೆ ನೋಟಿಸ್ ಕಳಿಸಲಾಗುವುದಿಲ್ಲ. ಆ ಕವರ್ ಎತ್ತಿಡಿ ಅಂತ ಹೇಳಿದ್ದು ಇದಕ್ಕೇ. ಕೊರಿಯರ್ ಲೇಬಲ್‌ನಲ್ಲಿ ಕಳಿಸಿದವರ ವಿಳಾಸ, ಫೋನ್ ನಂಬರ್ ಇರುತ್ತದೆ. ಯುಪಿಐ ರಸೀದಿಯಲ್ಲಿ ಹಣ ಪಡೆದವರ ಬ್ಯಾಂಕ್ ಖಾತೆಯ ಹೆಸರಿರುತ್ತದೆ. ಎರಡೂ ಒಂದಕ್ಕೊಂದು ಹೊಂದಿದರೆ ಒಳ್ಳೆಯದು. ಬಿಲ್‌ನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಇನ್ನೂ ಒಳ್ಳೆಯದು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ವ್ಯಾಪಾರದ ನಿಜವಾದ ಹೆಸರು ಸಿಗುತ್ತದೆ. ಇವು ಯಾವುದೂ ಸಿಗದಿದ್ದರೆ, ಲೇಬಲ್‌ನ ವಿಳಾಸವೂ ಸುಳ್ಳಾಗಿದ್ದರೆ, ಆಯೋಗದ ದಾರಿ ಬಹಳ ಕಷ್ಟ. ಆಗ ಇದು ತಪ್ಪು ಸೀರೆ ಕಳಿಸಿದ ವಿಷಯವಲ್ಲ, ಹಣ ಹೊಡೆಯಲೆಂದೇ ತೆರೆದ ಪೇಜ್ ಅನ್ನುವ ಅನುಮಾನ ಬರಬೇಕು. ಅಂಥದ್ದಕ್ಕೆ ಸೈಬರ್ ವಂಚನೆಯ 1930 ಸಹಾಯವಾಣಿ ಇದೆ. ಬಣ್ಣ ತಪ್ಪಿದ ಮಾತ್ರಕ್ಕೆ ಅಲ್ಲಿಗೆ ಕರೆ ಮಾಡಬೇಡಿ.

ದೂರು ದಾಖಲಿಸುವ ಮೊದಲು ಆ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಕಳಿಸಿ. ಮೇಲಿನ ಮೆಸೇಜನ್ನೇ ಕಾಗದದ ಮೇಲೆ ಬರೆದು ಸಹಿ ಹಾಕಿ, ಹದಿನೈದು ದಿನ ಸಮಯ ಕೊಟ್ಟರೆ ಸಾಕು. ಚಾಟ್‌ನಲ್ಲಿ ಜೋರು ಮಾಡುವವರು ಅಂಗಡಿಗೆ ಕಾಗದ ಬಂದಾಗ ಹಣ ಕಳಿಸಿ ಮುಗಿಸುವುದನ್ನು ನನ್ನ ಕೆಲಸದಲ್ಲಿ ಬಹಳ ಕಂಡಿದ್ದೇನೆ. 3,450 ರೂಪಾಯಿಗಾಗಿ ದಾವಣಗೆರೆಯ ಆಯೋಗದ ಮುಂದೆ ಉತ್ತರ ಕೊಡುವುದು ಅವರಿಗೂ ಬೇಡವಾಗಿರುತ್ತದೆ.

ಅದಕ್ಕೂ ಬಗ್ಗದಿದ್ದರೆ ದೂರಿನಲ್ಲಿ ಕೇಳಬೇಕಾದದ್ದು: 3,450 ರೂಪಾಯಿ, ವಾಪಸ್ ಕಳಿಸಿದ್ದರೆ ಅದರ ಖರ್ಚು, ಆದ ತೊಂದರೆಗೆ ಪರಿಹಾರ, ದೂರಿನ ವೆಚ್ಚ. ಪರಿಹಾರವನ್ನು ಲಕ್ಷಗಟ್ಟಲೆ ಬರೆಯಬೇಡಿ. ಬಟ್ಟೆಯ ಪರೀಕ್ಷೆ ಬೇಕಿಲ್ಲದ ಇಂಥ ದೂರುಗಳನ್ನು, ಎದುರಿನವರಿಗೆ ನೋಟಿಸ್ ತಲುಪಿದ ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯಬಹುದು. ಆ ತನಕ ಸೀರೆ, ಬ್ಲೌಸ್ ಈಗಿರುವ ಹಾಗೆಯೇ ಇರಬೇಕು. ಆದೇಶವಾದ ಮೇಲೂ ಹಣ ಕೊಡದಿದ್ದರೆ 2019ರ ಕಾಯ್ದೆಯ 72ನೇ ಕಲಂ ಇದೆ: ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದಕ್ಕೆ ಅದೇ ಆಯೋಗಕ್ಕೆ ಇನ್ನೊಂದು ಅರ್ಜಿ ಕೊಡಬೇಕಾಗುತ್ತದೆ.